ತವರಿನ ಗಂಧ: ಬ್ರಾಂಡ್ ಅಸ್ಮಿತೆಯ ಆರು ಮುಖಗಳು ಮತ್ತು ಮೈಸೂರು ಸ್ಯಾಂಡಲ್

2025ರ ಮೇ ತಿಂಗಳಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವು ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿಗಳ ಸಂಭಾವನೆಯ ಮೇಲೆ ಆರಿಸಿಕೊಂಡಾಗ ಕರ್ನಾಟಕದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದ ನಡೆದು ಬಂದ, ಸರ್ಕಾರದ ಒಡೆತನದ ಸಾಬೂನಿಗೆ ಕನ್ನಡದ ಮುಖವೊಂದು ಸಿಗಲಿಲ್ಲವೇ ಎಂಬುದು ಒಂದು ಕಡೆಯ ಪ್ರಶ್ನೆಯಾಗಿತ್ತು. ಕರ್ನಾಟಕದೊಳಗೆ ಈ ಸಾಬೂನನ್ನು ಅರಿಯದವರಿಲ್ಲ, ಈಗ ಬೇಕಿರುವುದು ಹೊರಗಿನ ಮಾರುಕಟ್ಟೆ ಎಂಬುದು ಕೈಗಾರಿಕಾ ಸಚಿವ ಎಂ. ಬಿ. ಪಾಟೀಲ ಅವರು ಕೊಟ್ಟ ಉತ್ತರದ ಸಾರ. ವಾದ ಕೆಲವು ವಾರ ಬಿಸಿಯಾಗಿದ್ದು ತಣ್ಣಗಾಯಿತು. ಆದರೆ ಎರಡೂ ಪಕ್ಷಗಳು ಒಂದೇ ವಸ್ತುವನ್ನು ಕುರಿತು ಮಾತನಾಡುತ್ತಿದ್ದವೇ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಒಂದು ಪಕ್ಷ ಸಾಬೂನು ಎಲ್ಲಿಂದ ಬಂದಿತು ಎಂಬುದನ್ನು ಹೇಳುತ್ತಿತ್ತು, ಇನ್ನೊಂದು ಅದನ್ನು ಯಾರು ಕೊಳ್ಳಬೇಕು ಎಂಬುದನ್ನು ಹೇಳುತ್ತಿತ್ತು. ಈ ಎರಡನ್ನು ಬೇರೆ ಬೇರೆ ಇರಿಸಿ ನೋಡಲು ಬ್ರಾಂಡ್ ಅಧ್ಯಯನದಲ್ಲಿ ಒಂದು ಸಾಧನವಿದೆ. ಅದಕ್ಕೆ ಬ್ರಾಂಡ್ ಅಸ್ಮಿತೆಯ ಪಟ್ಟಕ, ಅಥವಾ ರೂಢಿಯ ಮಾತಿನಲ್ಲಿ ಪ್ರಿಸಂ, ಎಂದು ಹೆಸರು.

ಈ ಪಟ್ಟಕವನ್ನು ರೂಪಿಸಿದವರು ಪ್ಯಾರಿಸಿನ ಎಚ್‌ಇಸಿ ವಾಣಿಜ್ಯ ಶಾಲೆಯ ಪ್ರಾಧ್ಯಾಪಕ ಜ್ಯಾಂ-ನೊಯೆಲ್ ಕಾಪ್ಫೆರೆರ್. 1980ರ ದಶಕದಲ್ಲಿ ಅವರು ಇದನ್ನು ಮಂಡಿಸಿದರು. ಅವರ ಪುಸ್ತಕಗಳ ಮೂಲಕ ಇದು ಜಗತ್ತಿನ ವಾಣಿಜ್ಯ ಶಾಲೆಗಳಿಗೆಲ್ಲ ಹಬ್ಬಿತು. ಕಾಪ್ಫೆರೆರ್ ಮೊದಲು ಮಾಡುವ ವಿಂಗಡಣೆ ಅಸ್ಮಿತೆ ಮತ್ತು ವರ್ಚಸ್ಸುಗಳ ನಡುವಿನದು. ಕೊಳ್ಳುವವರ ಮನಸ್ಸಿನಲ್ಲಿ ಒಂದು ಬ್ರಾಂಡಿನ ಬಗ್ಗೆ ಮೂಡಿರುವ ಚಿತ್ರ ವರ್ಚಸ್ಸು. ಅದು ಕೇಳುಗನ ಕಡೆಯದು. ಬ್ರಾಂಡ್ ತಾನು ಯಾರೆಂದು ಹೇಳಿಕೊಳ್ಳುತ್ತದೆಯೋ ಅದು ಅಸ್ಮಿತೆ. ಅದು ಹೇಳುವವನ ಕಡೆಯದು. ಸಮೀಕ್ಷೆ ನಡೆಸಿ ವರ್ಚಸ್ಸನ್ನು ಅಳೆಯಬಹುದು. ಅಸ್ಮಿತೆಯನ್ನು ಹಾಗೆ ಅಳೆಯಲು ಬರುವುದಿಲ್ಲ. ಅದನ್ನು ಓದಿ ತಿಳಿಯಬೇಕು: ಪೊಟ್ಟಣದಿಂದ, ಜಾಹೀರಾತಿನಿಂದ, ಹುಟ್ಟಿದ ಕಥೆಯಿಂದ, ಹೆಸರಿನಿಂದ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದೆನಿಸಲಾರದು. ಒಂದು ಕಾದಂಬರಿಯನ್ನು ಓದುವಾಗ ಅದರ ಪುಟಗಳಿಂದಲೇ ಒಬ್ಬ ನಿರೂಪಕ ಮೂಡುತ್ತಾನೆ. ಅವನು ಬರೆದ ವ್ಯಕ್ತಿಯೇ ಆಗಿರಬೇಕಿಲ್ಲ. ಹಾಗೆಯೇ ಆ ಬರಹ ಯಾರನ್ನು ಉದ್ದೇಶಿಸಿ ಮಾತನಾಡುತ್ತಿದೆಯೋ ಅಂಥ ಒಬ್ಬ ಓದುಗನೂ ಮೂಡುತ್ತಾನೆ; ಜರ್ಮನ್ ವಿಮರ್ಶಕ ವೋಲ್ಫ್‌ಗಾಂಗ್ ಈಸರ್ ಇವನನ್ನು ಕೃತಿಯೊಳಗೆ ಸೂಚಿತನಾದ ಓದುಗನೆಂದು ಕರೆದರು. ನಿಜವಾಗಿ ಪುಸ್ತಕ ಹಿಡಿದವರು ಇವನಂತೆ ಇರಬಹುದು, ಇಲ್ಲದಿರಲೂಬಹುದು. ಕಾಪ್ಫೆರೆರ್ ಬ್ರಾಂಡನ್ನೂ ಹೀಗೆಯೇ ಮಾತನಾಡುವ ಒಂದು ಪಠ್ಯವೆಂದು ಗ್ರಹಿಸುತ್ತಾರೆ. ಅದು ತನ್ನ ಮಾತಿನಿಂದಲೇ ಒಬ್ಬ ಹೇಳುವವನನ್ನೂ ಒಬ್ಬ ಕೇಳುವವನನ್ನೂ ಕಟ್ಟಿಕೊಡುತ್ತದೆ.

ಅವರ ಚಿತ್ರ ಆರು ಮೂಲೆಗಳದು. ಮೇಲಿನ ಎರಡು ಮೂಲೆಗಳು ಹೇಳುವವನಿಗೆ ಸೇರಿದವು: ಮೈಕಟ್ಟು ಮತ್ತು ವ್ಯಕ್ತಿತ್ವ. ಕೆಳಗಿನ ಎರಡು ಕೇಳುವವನಿಗೆ ಸೇರಿದವು: ಪ್ರತಿಬಿಂಬ ಮತ್ತು ಆತ್ಮಬಿಂಬ. ನಡುವೆ ಇಬ್ಬರನ್ನೂ ಬೆಸೆಯುವ ಎರಡು ಮುಖಗಳಿವೆ: ಸಂಬಂಧ ಮತ್ತು ಸಂಸ್ಕೃತಿ. ಚಿತ್ರವನ್ನು ಉದ್ದಕ್ಕೆ ಸೀಳಿದರೆ ಎಡಭಾಗದ ಮೈಕಟ್ಟು, ಸಂಬಂಧ ಮತ್ತು ಪ್ರತಿಬಿಂಬಗಳು ಹೊರಗೆ ಕಾಣುವಂಥವು. ಬಲಭಾಗದ ವ್ಯಕ್ತಿತ್ವ, ಸಂಸ್ಕೃತಿ ಮತ್ತು ಆತ್ಮಬಿಂಬಗಳು ಒಳಗಿನವು. ಪಾಠಶಾಲೆಗಳಲ್ಲಿ ಇದನ್ನು ಆರು ಖಾಲಿ ಚೌಕಗಳಂತೆ ಕೊಟ್ಟು ತುಂಬಿಸುವ ರೂಢಿ ಬೆಳೆದಿದೆ. ಚೌಕ ತುಂಬಿಸುವುದು ಸುಲಭ. ಎಡಬಲಗಳ ನಡುವೆ, ಮೇಲುಕೆಳಗಿನ ನಡುವೆ ಇರುವ ಎಳೆತವನ್ನು ಗಮನಿಸುವುದು ಕಷ್ಟ, ಮತ್ತು ಪಟ್ಟಕದ ಉಪಯೋಗವೆಲ್ಲ ಅಲ್ಲಿದೆ.

ಮೈಸೂರು ಸ್ಯಾಂಡಲ್ ಸಾಬೂನಿನ ಮೈಕಟ್ಟಿನಿಂದ ಆರಂಭಿಸಬಹುದು. ಮೈಕಟ್ಟೆಂದರೆ ಕಣ್ಣು, ಕೈ, ಮೂಗುಗಳಿಗೆ ದಕ್ಕುವುದು. ಬ್ರಾಂಡಿನ ಹೆಸರು ಕೇಳಿದೊಡನೆ ಮನಸ್ಸಿಗೆ ಬರುವ ವಸ್ತುರೂಪ. ಇಲ್ಲಿ ಮೊದಲು ಬರುವುದು ಗಂಧದೆಣ್ಣೆಯ ವಾಸನೆ. ಅನಂತರ ಅಂಡಾಕಾರದ ಬಿಲ್ಲೆ, ಅದರ ಮೇಲೆ ಒತ್ತಿದ ಶರಭದ ಮುದ್ರೆ, ಹೂಬಳ್ಳಿಯ ಅಲಂಕಾರವುಳ್ಳ ರಟ್ಟಿನ ಪೆಟ್ಟಿಗೆ. ಈ ರೂಪಕ್ಕೆ ಕಾರಣರಾದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಮೈಸೂರು ಸರ್ಕಾರ ಅವರನ್ನು ಸಾಬೂನು ಮತ್ತು ಸುಗಂಧದ್ರವ್ಯಗಳ ತಂತ್ರವನ್ನು ಕಲಿತು ಬರಲು ಇಂಗ್ಲೆಂಡಿಗೆ ಕಳುಹಿಸಿತ್ತು. ಪೆಟ್ಟಿಗೆಯನ್ನು ಒಡವೆಯ ಪೆಟ್ಟಿಗೆಯ ಮಾದರಿಯಲ್ಲಿ ರೂಪಿಸಲಾಯಿತೆಂದು ಹೇಳುತ್ತಾರೆ. ಸಿಂಹದ ಮೈಗೆ ಆನೆಯ ತಲೆಯಿರುವ ಶರಭವಂತೂ ಇಂದಿಗೂ ಕರ್ನಾಟಕ ರಾಜ್ಯಲಾಂಛನದಲ್ಲಿ ಗಂಡಭೇರುಂಡದ ಇಕ್ಕೆಲಗಳಲ್ಲಿ ನಿಂತಿದೆ. ಸಾಬೂನಿನ ಮೇಲೆ ರಾಜ್ಯದ ಕಾವಲುಪ್ರಾಣಿಯನ್ನು ಒತ್ತಿ ಕಳುಹಿಸಿದ್ದು ಸಾಮಾನ್ಯ ಸಂಗತಿಯೇನಲ್ಲ. ಬಳಸಿದ ಹಾಗೆಲ್ಲ ಅದು ಕರಗಿ ಹೋಗುತ್ತದೆ ಎಂಬುದು ಬೇರೆ ಮಾತು.

ಮೈಕಟ್ಟು ಬ್ರಾಂಡಿನ ಬೆನ್ನೆಲುಬು. ಅದಿಲ್ಲದೆ ಮಿಕ್ಕ ಮುಖಗಳಿಗೆ ನಿಲ್ಲಲು ನೆಲೆಯಿಲ್ಲ. ಆದರೆ ಕದಿಯಲು ಸುಲಭವಾದದ್ದೂ ಅದೊಂದೇ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲವೊಂದು ಪತ್ತೆಯಾಯಿತು. ನಕಲು ಮಾಡುವವರು ಪೆಟ್ಟಿಗೆ, ಬಿಲ್ಲೆ, ಮುದ್ರೆಗಳನ್ನು ತಕ್ಕಮಟ್ಟಿಗೆ ತದ್ರೂಪಾಗಿ ಮಾಡಬಲ್ಲರು. ತೆಲಂಗಾಣದಲ್ಲಿ ಈ ಕಸುಬಿಗೆ ಕೈಹಾಕುವವರಿದ್ದರು ಎಂಬುದೇ ಅಲ್ಲಿ ಈ ಸಾಬೂನಿಗೆ ಬೇಡಿಕೆಯಿದೆ ಎಂಬುದಕ್ಕೆ ಸಾಕ್ಷಿ. ಆ ಬೇಡಿಕೆಯನ್ನು ಹುಟ್ಟಿಸಿದ್ದು ಮಾತ್ರ ಅವರು ನಕಲು ಮಾಡಿದ ಮುಖವೊಂದೇ ಆಗಿರಲಾರದು.

ಎರಡನೆಯದು ವ್ಯಕ್ತಿತ್ವ. ಈ ಬ್ರಾಂಡ್ ಮನುಷ್ಯನಾಗಿದ್ದರೆ ಹೇಗಿರುತ್ತಿದ್ದ ಎಂದು ಕೇಳಿಕೊಳ್ಳುವುದು ಇಲ್ಲಿಯ ರೀತಿ. ಅವಸರವಿಲ್ಲದ, ಮಾತು ಕಡಿಮೆಯ, ಹಬ್ಬಕ್ಕೆ ಅಚ್ಚುಕಟ್ಟಾಗಿ ಉಡುವ, ತನ್ನ ಮನೆತನದ ಬಗ್ಗೆ ತಾನೇ ಹೇಳಿಕೊಳ್ಳದಿದ್ದರೂ ಗೊತ್ತಾಗುವಂತೆ ನಡೆದುಕೊಳ್ಳುವ ಹಿರಿಯರೊಬ್ಬರು ಎಂದು ಈ ಸಾಬೂನನ್ನು ಬಣ್ಣಿಸಿದರೆ ತಪ್ಪಾಗಲಾರದು. ಇದಕ್ಕಿಂತ ಹೆಚ್ಚು ಇಲ್ಲಿ ನಿಲ್ಲಬೇಕಾಗಿಲ್ಲ. ವ್ಯಕ್ತಿತ್ವದ ಚೌಕವನ್ನು ಹತ್ತಾರು ಗುಣವಾಚಕಗಳಿಂದ ತುಂಬಿಸುವ ಚಪಲ ಈ ವಿದ್ಯೆಯ ಸಾಮಾನ್ಯ ರೋಗ.

ಸಂಸ್ಕೃತಿಯ ಮುಖಕ್ಕೆ ಬಂದಾಗ ನಿಧಾನಿಸಬೇಕು. ಕಾಪ್ಫೆರೆರ್ ಸಂಸ್ಕೃತಿಯೆಂದು ಕರೆಯುವುದು ಬ್ರಾಂಡ್ ಯಾವ ಮೌಲ್ಯಗಳ ಮಣ್ಣಿನಲ್ಲಿ ಬೇರೂರಿದೆಯೋ ಅದನ್ನು. ಹುಟ್ಟಿದ ದೇಶ ಇದರಲ್ಲಿ ಒಂದು ಅಂಶವಷ್ಟೆ; ಆ ದೇಶದ ಬದುಕಿನ ಯಾವ ನಂಬಿಕೆಯನ್ನು ಬ್ರಾಂಡ್ ಹೊತ್ತು ನಿಂತಿದೆ ಎಂಬುದು ಮುಖ್ಯ. ಮೈಸೂರು ಸ್ಯಾಂಡಲ್ ಹೊತ್ತ ನಂಬಿಕೆ ಅದರ ಹುಟ್ಟಿನ ಕಥೆಯಲ್ಲಿದೆ. ಮೈಸೂರು ಸೀಮೆಯ ಗಂಧದ ಮರ ಪ್ರಭುತ್ವದ ಸ್ವತ್ತಾಗಿತ್ತು. ಕೊರಡುಗಳು ಹಡಗೇರಿ ಯುರೋಪಿಗೆ ಹೋಗುತ್ತಿದ್ದವು, ಅಲ್ಲಿ ಎಣ್ಣೆ ತೆಗೆಯಲಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆ ದಾರಿ ಮುಚ್ಚಿ ಗಂಧ ಇಲ್ಲಿಯೇ ರಾಶಿ ಬಿದ್ದಿತು. ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಸರ್ಕಾರವೇ ಎಣ್ಣೆ ತೆಗೆಯುವ ಉದ್ಯಮಕ್ಕೆ ಕೈಹಾಕಿತು. ಎರಡು ವರ್ಷಗಳ ಬಳಿಕ, 1918ರಲ್ಲಿ, ಅದೇ ಎಣ್ಣೆಯ ಸಾಬೂನು ಬಂದಿತು. ಕಚ್ಚಾವಸ್ತುವನ್ನು ಕೊಟ್ಟು ಸಿದ್ಧವಸ್ತುವನ್ನು ಕೊಳ್ಳುತ್ತಿದ್ದ ಸಂಸ್ಥಾನವೊಂದು ತನ್ನ ಮರದಿಂದ ತಾನೇ ಸರಕು ಮಾಡಿ ಮಾರಿತು. ಸಂಸ್ಥಾನವೇ ಉದ್ಯಮಿಯಾಗಬಲ್ಲದು, ವಿಜ್ಞಾನವನ್ನು ಕಲಿತು ತನ್ನ ನೆಲಕ್ಕೆ ಅನ್ವಯಿಸಬಲ್ಲದು ಎಂಬ ಆತ್ಮವಿಶ್ವಾಸವೇ ಈ ಬ್ರಾಂಡಿನ ಸಂಸ್ಕೃತಿ. ಮೈಸೂರು ಮತ್ತು ಶಿವಮೊಗ್ಗದ ಎಣ್ಣೆ ಕಾರ್ಖಾನೆಗಳನ್ನು ಬೆಂಗಳೂರಿನ ಸಾಬೂನು ಕಾರ್ಖಾನೆಯೊಡನೆ ಸೇರಿಸಿ 1980ರಲ್ಲಿ ಈಗಿನ ನಿಯಮಿತವನ್ನು ಕಟ್ಟಿದಾಗಲೂ ಒಡೆತನ ಸರ್ಕಾರದಲ್ಲೇ ಉಳಿಯಿತು.

ಇದನ್ನು ಹೀಗೆ ಬರೆದುಕೊಂಡಾಗ ಒಂದು ತೊಡಕು ಎದುರಾಗುತ್ತದೆ. ಈ ಸಂಸ್ಕೃತಿ ಮೈಸೂರಿನದು. ಅದನ್ನು ಒಮ್ಮೆಗೇ ಕನ್ನಡದ್ದೆಂದು ಹೇಳಿಬಿಡಲಾಗದು. 1918ರಲ್ಲಿ ಕಾಸರಗೋಡು, ಹೊಸೂರು, ತಾಳವಾಡಿ, ನೀಲಗಿರಿ, ಆದೋನಿ, ರಾಯದುರ್ಗ, ಮಡಕಶಿರಾಗಳೆಲ್ಲ ಮದರಾಸು ಪ್ರಾಂತದಲ್ಲಿದ್ದವು. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿತ್ತು. ಅಕ್ಕಲಕೋಟೆ ಮತ್ತು ಜತ್ತ ತಮ್ಮ ತಮ್ಮ ಅರಸರ ಕೈಯಲ್ಲಿದ್ದವು. ಧಾರವಾಡ, ಮಂಗಳೂರು, ಬಳ್ಳಾರಿ, ಕಲಬುರಗಿಗಳೂ ಮೈಸೂರಿನ ಹೊರಗೇ ಇದ್ದವು. ಆದ್ದರಿಂದ ಪೆಟ್ಟಿಗೆಯ ಮೇಲಿನ ಮೈಸೂರು ಎಂಬ ಹೆಸರು ಆ ದಿನ ಬಹುಪಾಲು ಕನ್ನಡಿಗರಿಗೆ ತಮ್ಮ ನಾಡಿನ ಹೆಸರಾಗಿರಲಿಲ್ಲ. ನೆರೆಯ ಸಂಸ್ಥಾನವೊಂದರ ಹೆಸರಾಗಿತ್ತು. 1956ರ ಏಕೀಕರಣದ ಬಳಿಕ ಅವರಲ್ಲಿ ಹೆಚ್ಚಿನವರು ಮೈಸೂರು ರಾಜ್ಯದವರಾದರು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು, ಸಾಬೂನಿನ ಹೆಸರು ಮಾತ್ರ ಬದಲಾಗಲಿಲ್ಲ. ಹೆಸರು ನಿಂತಲ್ಲೇ ನಿಂತಿದ್ದರೂ ಅದರ ಸುತ್ತಲಿನ ನಾಡು ದೊಡ್ಡದಾಯಿತು. ಗಡಿಯಾಚೆಯ ಕನ್ನಡಿಗರ ಪಾಲಿಗೆ ಆ ಬೆಳವಣಿಗೆಯೂ ಸಲ್ಲಲಿಲ್ಲ. 2025ರ ಚರ್ಚೆಯಲ್ಲಿ ಈ ಸಾಬೂನನ್ನು ಕನ್ನಡದ ಹೆಮ್ಮೆಯೆಂದು ಕರೆದವರು ಮೂಲದ ಸಂಸ್ಕೃತಿಯ ಮೇಲೆ ಕೂಡಿಬಂದ ಎರಡನೆಯ ಪದರವನ್ನು ಹೆಸರಿಸುತ್ತಿದ್ದರು. ಆ ಪದರ ಸುಳ್ಳೇನಲ್ಲ. ಅದು ತಡವಾಗಿ ಬಂದದ್ದು ಎಂಬುದನ್ನು ಮಾತ್ರ ಪಟ್ಟಕ ತುಂಬುವವರು ಮರೆಯಬಾರದು.

ಸಂಬಂಧದ ಮುಖವನ್ನು ಬಹಳಷ್ಟು ಬರಹಗಳು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ. ಈ ಸಾಬೂನಿನ ಮಟ್ಟಿಗೆ ಅದೇ ಅತಿ ಸಮೃದ್ಧವಾದದ್ದು, ಮತ್ತು ಅದರ ಕೀಲಿಕೈ ಪೆಟ್ಟಿಗೆಯ ಮೇಲೆಯೇ ಇದೆ: ‘ಶ್ರೀಗಂಧದ ತವರಿನಿಂದ’. ಬ್ರಾಂಡ್ ತನ್ನ ಬಳಕೆದಾರರೊಡನೆ ಯಾವ ಬಗೆಯ ವ್ಯವಹಾರದಲ್ಲಿ ತೊಡಗುತ್ತದೆ ಎಂಬುದು ಸಂಬಂಧ. ಗುರು ಶಿಷ್ಯನಿಗೆ ಹೇಳುವಂತೆಯೇ, ಗೆಳೆಯ ಗೆಳೆಯನನ್ನು ಕೆಣಕುವಂತೆಯೇ, ವೈದ್ಯ ರೋಗಿಗೆ ಬರೆದುಕೊಡುವಂತೆಯೇ? ಇಲ್ಲಿಯ ಉತ್ತರ ಆ ಒಂದು ಪದದಲ್ಲಿದೆ. ತವರು ಎಂಬ ಮಾತನ್ನು ಮನೆಯೊಳಗೆ ಇರುವವರು ತಮ್ಮ ಮನೆಗೆ ಬಳಸುವುದಿಲ್ಲ. ಮದುವೆಯಾಗಿ ಹೊರಟು ಹೋದ ಮಗಳು ಹಿಂತಿರುಗಿ ನೋಡುವಾಗ ಮಾತ್ರ ಹುಟ್ಟಿದ ಮನೆ ತವರಾಗುತ್ತದೆ. ದೂರವೇ ಆ ಪದದ ಅರ್ಥದ ಅರ್ಧ ಭಾಗ. ವ್ಯಾಕರಣದ ಪ್ರಕಾರ ಇಲ್ಲಿ ತವರು ಗಂಧದ್ದು, ಕೊಳ್ಳುವವಳದ್ದಲ್ಲ. ಆದರೆ ‘ಇಂದ’ ಎಂಬ ಪ್ರತ್ಯಯ ಸೇರಿದ ಕೂಡಲೇ ಪೆಟ್ಟಿಗೆ ಬಾಗಿನದಂತಾಗುತ್ತದೆ. ತವರಿನಿಂದ ಬಂದದ್ದು ಎಂದರೆ ಕಳುಹಿಸಿದವರೂ ಇದ್ದಾರೆ, ತೆಗೆದುಕೊಳ್ಳುವ ಮಗಳೂ ಇದ್ದಾಳೆ. ಒಡವೆಪೆಟ್ಟಿಗೆಯ ಆಕಾರ, ಹೂಬಳ್ಳಿಯ ಅಂಚು ಇವೆಲ್ಲ ಈ ಅರ್ಥಕ್ಕೆ ಒತ್ತಾಸೆಯಾಗಿ ನಿಲ್ಲುತ್ತವೆ. ಮಾರಾಟವನ್ನು ಉಡುಗೊರೆಯ ಸಂಬಂಧವಾಗಿ ಮಾರ್ಪಡಿಸಿರುವುದು ಇಲ್ಲಿಯ ಜಾಣತನ.

ಈ ಸಾಲನ್ನು ಇಂಗ್ಲಿಷಿಗೆ ತಂದರೆ ತವರು ಬರಿಯ ಮನೆಯೋ ನೆಲೆಯೋ ಆಗಿ ಉಳಿಯುತ್ತದೆ. ಸಂಬಂಧ ಕಳಚಿಕೊಂಡು ಹುಟ್ಟೂರಿನ ಮಾಹಿತಿಯಷ್ಟೇ ನಿಲ್ಲುತ್ತದೆ. ಪಟ್ಟಕದ ಭಾಷೆಯಲ್ಲಿ ಹೇಳುವುದಾದರೆ ಸಂಬಂಧದ ಮುಖದಲ್ಲಿದ್ದ ಸಾಲು ಸಂಸ್ಕೃತಿಯ ಮುಖಕ್ಕೆ ಜಾರುತ್ತದೆ. ಆದರೆ ಗಡಿಯಾಚೆಯ ಭಾಷೆಗಳಲ್ಲಿ ಹಾಗಾಗಬೇಕಿಲ್ಲ. ಮರಾಠಿಯ ‘ಮಾಹೇರ್’, ತೆಲುಗಿನ ‘ಪುಟ್ಟಿಲ್ಲು’, ತಮಿಳಿನ ‘ತಾಯ್‌ವೀಡು’ ಇವೆಲ್ಲ ಅದೇ ಮಗಳ ಅದೇ ದೂರವನ್ನು ಬಲ್ಲ ಪದಗಳು. ಸೊಲ್ಲಾಪುರದ ಎರಡು ಭಾಷೆಯ ಮನೆಯಲ್ಲಿಯಾಗಲಿ ಮಡಕಶಿರಾದ ಕನ್ನಡ ತೆಲುಗು ಕೂಡಿದ ಮನೆಯಲ್ಲಿಯಾಗಲಿ ಈ ಸಂಬಂಧವನ್ನು ಬಿಡಿಸಿ ಹೇಳುವ ಅಗತ್ಯ ಬೀಳದು. ಹೊರಗಿನ ಮಾರುಕಟ್ಟೆಯೆಂದು ಒಂದೇ ಮಾತಿನಲ್ಲಿ ಕರೆಯುವ ಪ್ರದೇಶದೊಳಗೆ ಹೀಗೆ ಬ್ರಾಂಡಿನ ಮಾತು ಪೂರ್ತಿ ತಲುಪುವ ಪ್ರದೇಶವೂ ಇದೆ, ಅರ್ಧ ತಲುಪುವ ಪ್ರದೇಶವೂ ಇದೆ.

ಇನ್ನುಳಿದವು ಕೇಳುವವನ ಎರಡು ಮುಖಗಳು, ಪ್ರತಿಬಿಂಬ ಮತ್ತು ಆತ್ಮಬಿಂಬ. ಪಟ್ಟಕವನ್ನು ಬಳಸುವವರು ಹೆಚ್ಚಾಗಿ ಎಡವುವುದು ಇಲ್ಲಿ. ಪ್ರತಿಬಿಂಬವೆಂದರೆ ಈ ಸಾಬೂನನ್ನು ಬಳಸುವವರು ಇಂಥವರು ಎಂದು ಬ್ರಾಂಡ್ ಊರಿಗೆ ತೋರಿಸುವ ಚಿತ್ರ. ಅದು ನಿಜವಾಗಿ ಕೊಳ್ಳುವವರ ಪಟ್ಟಿಯಲ್ಲ. ಕಾಪ್ಫೆರೆರ್ ಇದನ್ನು ಒತ್ತಿ ಹೇಳುತ್ತಾರೆ: ಕೋಕ-ಕೋಲ ಹದಿಹರೆಯದವರ ಪಾನೀಯದಂತೆ ಕಾಣುತ್ತದೆ, ಕುಡಿಯುವವರು ಎಲ್ಲ ವಯಸ್ಸಿನವರು. ಗುರಿಯ ಗಿರಾಕಿ ಬೇರೆ, ಪ್ರತಿಬಿಂಬ ಬೇರೆ. ಆತ್ಮಬಿಂಬ ಇನ್ನೂ ಒಳಗಿನದು. ಈ ವಸ್ತುವನ್ನು ಬಳಸುವಾಗ ಒಬ್ಬರು ತಮ್ಮೊಳಗೆ ತಮಗೇ ಏನೆಂದು ಹೇಳಿಕೊಳ್ಳುತ್ತಾರೆಯೋ ಅದು. ಪ್ರತಿಬಿಂಬ ಬೀದಿಗೆ ಹಿಡಿದ ಕನ್ನಡಿಯಾದರೆ ಆತ್ಮಬಿಂಬ ಬಚ್ಚಲುಮನೆಯ ಕನ್ನಡಿ.

ಈ ಭೇದವನ್ನು ಕಾಣಲು ನೆರೆಯ ಸಾಬೂನುಗಳನ್ನು ಪಕ್ಕದಲ್ಲಿಡಬೇಕು. ಲಕ್ಸ್ ಸಾಬೂನಿನಲ್ಲಿ ಎಲ್ಲಕ್ಕಿಂತ ಬಲವಾದ ಮುಖ ಪ್ರತಿಬಿಂಬವೇ. ಬಳಸುವವಳು ಚಿತ್ರತಾರೆ, ಅಷ್ಟೇ. 1941ರಲ್ಲಿ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಲೀಲಾ ಚಿಟ್ನೀಸ್ ಧಾರವಾಡದಲ್ಲಿ ಹುಟ್ಟಿದವರು ಎಂಬುದು ಇಲ್ಲಿ ನೆನಪಾಗುವ ಸಣ್ಣ ಸಂಗತಿ. ಅವರ ಊರನ್ನು ಆ ಜಾಹೀರಾತು ಯಾರಿಗೂ ಹೇಳಬೇಕಿರಲಿಲ್ಲ, ಏಕೆಂದರೆ ಆ ಬ್ರಾಂಡ್ ನಿಂತದ್ದು ಊರಿನ ಮೇಲಲ್ಲ. ವಿಪ್ರೊ ಸಂಸ್ಥೆಯ ಸಂತೂರಿನಲ್ಲಿ ಗಂಧವಿದೆ, ಜೊತೆಗೆ ಅರಿಶಿನವೂ ಇದೆ. ವಸ್ತುವಿನ ಮಟ್ಟಿಗೆ ಅದು ಮೈಸೂರು ಸ್ಯಾಂಡಲಿಗೆ ಹತ್ತಿರದ ನಂಟ. ಆದರೆ ಅದರ ಜಾಹೀರಾತುಗಳು ದಶಕಗಳಿಂದ ತೋರಿಸುತ್ತ ಬಂದಿರುವುದು ಮಗುವಿನ ತಾಯಿಯಾದರೂ ವಯಸ್ಸು ಕಾಣದ ಯುವತಿಯನ್ನು. ಮೈಕಟ್ಟು ಹತ್ತಿರವಿದ್ದು ಪ್ರತಿಬಿಂಬ ದೂರವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಮೈಸೂರು ಸ್ಯಾಂಡಲಿನ ಕಥೆ ತಿರುಗುಮುರುಗು. ಅದು ಬಹುಕಾಲ ತನ್ನ ಬಳಕೆದಾರರ ಮುಖವನ್ನು ತೋರಿಸುವ ಗೋಜಿಗೆ ಹೋಗಲಿಲ್ಲ. ಮೊದಲ ಪ್ರಚಾರ ರಾಯಭಾರಿಯಾಗಿ ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ ಬಂದದ್ದು 2006ರಲ್ಲಿ, ಅಂದರೆ ಸಾಬೂನು ಹುಟ್ಟಿ 88 ವರ್ಷಗಳಾದ ಮೇಲೆ. ಅಲ್ಲಿಯ ತನಕ ಪ್ರತಿಬಿಂಬದ ಚೌಕದಲ್ಲಿ ಇದ್ದದ್ದು ಪೆಟ್ಟಿಗೆಯಿಂದಲೇ ಊಹಿಸಿಕೊಳ್ಳಬೇಕಾದ, ಹೆಸರಿಲ್ಲದ ಒಬ್ಬ ಗೃಹಿಣಿ. ಆ ಖಾಲಿತನ ಕೊರತೆಯೂ ಹೌದು, ಬಲವೂ ಹೌದು. ಮುಖವೇ ಇಲ್ಲದ ಕಡೆ ಯಾರು ಬೇಕಾದರೂ ತಮ್ಮ ತಾಯಿಯ ಮುಖವನ್ನು ಇಟ್ಟುಕೊಳ್ಳಬಹುದಿತ್ತು. ಆತ್ಮಬಿಂಬ ಗಟ್ಟಿಯಾಗಲು ಇದು ಅನುಕೂಲ. ಈ ಸಾಬೂನು ಬಳಸುವವರು ತಮಗೆ ತಾವು ಹೇಳಿಕೊಳ್ಳುವ ಮಾತನ್ನು ಬರೆಯುವುದಾದರೆ ಅದು ಸುಮಾರು ಹೀಗಿರುತ್ತದೆ: ಹೊಸದಕ್ಕೆಲ್ಲ ಮರುಳಾಗುವ ಮನೆ ನಮ್ಮದಲ್ಲ, ಒಳ್ಳೆಯದು ಯಾವುದೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು, ಅದನ್ನು ಬಿಡಲು ಕಾರಣವಿಲ್ಲ.

ಈಗ 2025ರ ವಾದಕ್ಕೆ ಮರಳಬಹುದು. ಪ್ರಚಾರ ರಾಯಭಾರಿಯ ನೇಮಕ ಪ್ರತಿಬಿಂಬದ ಚೌಕಕ್ಕೆ ಸೇರಿದ ಕ್ರಿಯೆ. ಸಚಿವರ ಉತ್ತರ ಆ ಚೌಕದೊಳಗಿನದು: ಹೊರಗಿನ ರಾಜ್ಯಗಳ ಯುವಜನ ಗುರುತಿಸಬಲ್ಲ ಮುಖವೊಂದು ಬೇಕು. ವಿರೋಧಿಸಿದವರ ಮಾತು ಸಂಸ್ಕೃತಿಯ ಚೌಕದೊಳಗಿನದು: ಬೇರು ಇಲ್ಲಿರುವಾಗ ಮುಖ ಬೇರೆಡೆಯದೇಕೆ? ಪಟ್ಟಕದ ನಿಯಮದಂತೆ ಒಂದು ಚೌಕದ ಮಾತಿನಿಂದ ಇನ್ನೊಂದನ್ನು ಖಂಡಿಸಲಾಗದು. ಬಳಕೆದಾರಳ ಮುಖ ಬದಲಾದರೆ ಮೂಲದ ಸಂಸ್ಕೃತಿ ತಾನಾಗಿ ಅಳಿಯುವುದಿಲ್ಲ. ಹಾಗೆಂದು ವಿರೋಧ ನಿರಾಧಾರವೆಂದೂ ಹೇಳಲಾಗದು, ಏಕೆಂದರೆ ಆರು ಮುಖಗಳು ಒಂದಕ್ಕೊಂದು ಹೊಂದಿಕೊಂಡು ನಿಂತಾಗಲೇ ಅಸ್ಮಿತೆ. ಇಲ್ಲಿ ಕೇಳಬೇಕಾದ ಪ್ರಶ್ನೆ ನಟಿಯ ತಾಯ್ನುಡಿಯದ್ದಾಗಿರಲಿಲ್ಲ. ಚಿತ್ರತಾರೆಯ ಪ್ರತಿಬಿಂಬ ಈಗಾಗಲೇ ಇನ್ನೊಂದು ಸಾಬೂನಿನ ಸ್ವತ್ತಾಗಿರುವಾಗ ಅದು ಮೈಸೂರು ಸ್ಯಾಂಡಲಿನ ಮಾತು ಕಡಿಮೆಯ ವ್ಯಕ್ತಿತ್ವಕ್ಕೂ ಹಿರಿಯರ ಆಯ್ಕೆಯನ್ನು ಕಾಯುವ ಆತ್ಮಬಿಂಬಕ್ಕೂ ಹೊಂದುತ್ತದೆಯೇ ಎಂಬುದಾಗಿತ್ತು. ಕನ್ನಡದ ತಾರೆಯನ್ನೇ ನೇಮಿಸಿದ್ದರೂ ಈ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಅದನ್ನು ಎರಡೂ ಪಕ್ಷಗಳು ಕೈಬಿಟ್ಟದ್ದು ಆ ಚರ್ಚೆಯ ದೌರ್ಬಲ್ಯ.

ಪಟ್ಟಕವನ್ನು ತುಂಬಿದ ಮೇಲೆ ಅದು ಸರಿಯಾಗಿದೆಯೇ ಎಂದು ತಿಳಿಯುವ ಬಗೆಯನ್ನೂ ಹೇಳಬೇಕು. ಕಾಪ್ಫೆರೆರ್ ಮೂರು ಲಕ್ಷಣಗಳನ್ನು ಕೊಡುತ್ತಾರೆ. ಪ್ರತಿ ಮುಖದಲ್ಲಿ ಪದಗಳು ಕಡಿಮೆ ಇರಬೇಕು. ಒಂದೇ ಪದ ಎರಡು ಮುಖಗಳಲ್ಲಿ ಬರಬಾರದು. ಪದಗಳು ಉಗುರುಬೆಚ್ಚಗೆ ಇರದೆ ಬಲವಾಗಿರಬೇಕು. ಮೈಸೂರು ಸ್ಯಾಂಡಲಿಗೆ ಪಟ್ಟಕ ಬರೆಯಲು ಕುಳಿತವರ ಕೈಯಲ್ಲಿ ಮೊದಲು ಬರುವ ಪದ ‘ಶುದ್ಧ’. ಮೈಕಟ್ಟಿನಲ್ಲಿ ಶುದ್ಧ ಗಂಧದೆಣ್ಣೆ, ವ್ಯಕ್ತಿತ್ವದಲ್ಲಿ ಶುದ್ಧ ನಡತೆ, ಸಂಸ್ಕೃತಿಯಲ್ಲಿ ಶುದ್ಧ ಪರಂಪರೆ, ಆತ್ಮಬಿಂಬದಲ್ಲಿ ಶುದ್ಧ ಮನಸ್ಸು. ನಾಲ್ಕು ಚೌಕ ತುಂಬಿದಂತೆ ಕಂಡರೂ ಹೇಳಿದ್ದು ಒಂದೇ ಮಾತು. ಇಂಥಲ್ಲಿ ಮಾಡಬೇಕಾದ್ದು ಆ ಪದ ಯಾವ ಮುಖಕ್ಕೆ ನಿಜವಾಗಿ ಸೇರಿದ್ದೆಂದು ತೀರ್ಮಾನಿಸಿ ಮಿಕ್ಕ ಕಡೆಗಳಲ್ಲಿ ಅದನ್ನು ಹೊಡೆದುಹಾಕುವುದು. ಎಣ್ಣೆಯ ಶುದ್ಧತೆ ಪರೀಕ್ಷಿಸಬಹುದಾದ ಸಂಗತಿ, ಆದ್ದರಿಂದ ಅದು ಮೈಕಟ್ಟಿನಲ್ಲಿ ಉಳಿಯಲಿ. ಉಳಿದ ಮೂರು ಚೌಕಗಳು ಖಾಲಿಯಾಗುತ್ತವೆ, ಮತ್ತು ಖಾಲಿಯಾದಾಗಲೇ ಶರಭ, ಸಂಸ್ಥಾನದ ಉದ್ಯಮಶೀಲತೆ, ತವರು ಮುಂತಾದ ಸಂಗತಿಗಳತ್ತ ಕಣ್ಣು ಹೋಗುತ್ತದೆ.

ಇನ್ನೊಂದು ಪರೀಕ್ಷೆ ಇನ್ನೂ ಸರಳ. ಬರೆದ ಪ್ರತಿ ವಾಕ್ಯದಲ್ಲಿ ಬ್ರಾಂಡಿನ ಹೆಸರನ್ನು ತೆಗೆದು ಎದುರಾಳಿಯ ಹೆಸರನ್ನು ಇಟ್ಟು ಓದುವುದು. ‘ಸಾಂಪ್ರದಾಯಿಕ, ನೈಸರ್ಗಿಕ, ಚರ್ಮಕ್ಕೆ ಹಿತ’ ಎಂದು ಬರೆದಿದ್ದರೆ ಸಂತೂರಿನ ಹೆಸರಿಟ್ಟರೂ ಆ ವಾಕ್ಯ ಅಲುಗಾಡುವುದಿಲ್ಲ, ಅದನ್ನು ಅಳಿಸಬೇಕು. ‘ಯುದ್ಧಕಾಲದಲ್ಲಿ ರಾಶಿಬಿದ್ದ ತನ್ನ ಮರದಿಂದ ಸಂಸ್ಥಾನವೊಂದು ತಾನೇ ಮಾಡಿದ ಸರಕು’ ಎಂಬ ವಾಕ್ಯದಲ್ಲಿ ಬೇರೆ ಯಾವ ಸಾಬೂನಿನ ಹೆಸರೂ ನಿಲ್ಲದು.

ಇಷ್ಟಾಗಿಯೂ ಈ ಸಾಧನಕ್ಕೆ ಒಂದು ಮಿತಿ ಉಂಟು. ಪಟ್ಟಕದ ಆರೂ ಮುಖಗಳು ಹೇಳುವವನ ಕಡೆಯಿಂದ ಬಿಡಿಸಿದ ಚಿತ್ರ. ಕೆಳಗಿನ ಎರಡು ಮುಖಗಳಲ್ಲಿ ಇರುವುದು ಕೂಡ ಬ್ರಾಂಡ್ ಕಲ್ಪಿಸಿಕೊಂಡ ಕೇಳುಗನೇ ಹೊರತು ನಿಜವಾಗಿ ಕೇಳಿಸಿಕೊಂಡವನಲ್ಲ. ಮೇಲೆ ಬರೆದ ಆತ್ಮಬಿಂಬದ ವಾಕ್ಯವೂ ಪೆಟ್ಟಿಗೆಯಿಂದ ಓದಿಕೊಂಡದ್ದು. ಬಳಕೆದಾರರು ಅದನ್ನು ಒಪ್ಪುತ್ತಾರೆಯೇ ಎಂಬುದು ಕೇಳಿ ತಿಳಿಯಬೇಕಾದ ಬೇರೆಯ ಕೆಲಸ. ಗಡಿಯ ಕನ್ನಡಿಗರ ವಿಷಯದಲ್ಲಿ ಈ ಅಂತರ ಹೆಚ್ಚು. ಮೈಸೂರು ನಗರದ ಮನೆಯೊಂದರಲ್ಲಿ ಈ ಸಾಬೂನು ರೂಢಿಯ ಮುಂದುವರಿಕೆ. ಅದೇ ಬಿಲ್ಲೆ ಆದೋನಿಯಲ್ಲೋ ತಾಳವಾಡಿಯಲ್ಲೋ ಕಾಸರಗೋಡಿನಲ್ಲೋ ಕನ್ನಡ ಮಾತನಾಡುವ ಮನೆಯ ಬಚ್ಚಲಿನಲ್ಲಿ ಇರುವಾಗ ಅದರ ಜೊತೆ ಇನ್ನೊಂದು ಮಾತು ಸೇರಿಕೊಂಡಿದ್ದರೂ ಇರಬಹುದು. ಆಡಳಿತದ ನಕ್ಷೆ ಬೇರೆಯಾದರೂ ತಾವು ಆ ತವರಿಗೆ ಸೇರಿದವರು ಎಂಬ ಮಾತು ಅದು. ಕೊಳ್ಳುವವರಿಗೆ ಅಂಥ ಯಾವ ಯೋಚನೆಯೂ ಇಲ್ಲದೆ ವಾಸನೆ ಇಷ್ಟವೆಂದಷ್ಟೇ ಕೊಂಡಿರುವ ಸಾಧ್ಯತೆಯೂ ಅಷ್ಟೇ ಇದೆ.

ಇದನ್ನು ತಿಳಿಯಬಯಸುವ ಸಂಶೋಧಕರು ಪಟ್ಟಕವನ್ನು ಎರಡು ಸಲ ಬರೆಯುವುದು ಒಳ್ಳೆಯದು. ಮೊದಲನೆಯದನ್ನು ಪೊಟ್ಟಣ, ಜಾಹೀರಾತು, ಇತಿಹಾಸಗಳಿಂದ ಮೇಜಿನ ಬಳಿ ಬರೆಯಬೇಕು. ಎರಡನೆಯದನ್ನು ಮನೆಗಳಲ್ಲಿ ಕೇಳಿದ ಮಾತಿನಿಂದ ಕೆಳಗಿನ ಎರಡು ಮುಖಗಳಿಗೆ ಮಾತ್ರ ಬರೆಯಬೇಕು. ಕೇಳುವ ಪ್ರಶ್ನೆಯೂ ಬದಲಾಗಬೇಕು. ಈ ಸಾಬೂನು ಏಕೆ ಇಷ್ಟ ಎಂದು ಕೇಳಿದರೆ ಎಲ್ಲರೂ ಪರಿಮಳವೆಂದೇ ಹೇಳುತ್ತಾರೆ; ಅದು ಮೈಕಟ್ಟಿನ ಉತ್ತರ. ಮನೆಗೆ ಮೊದಲು ತಂದವರು ಯಾರು, ಯಾರು ಬಂದಾಗ ಹೊಸ ಬಿಲ್ಲೆ ತೆಗೆಯುತ್ತೀರಿ, ಮಗಳಿಗೆ ಕಳುಹಿಸಿದ್ದುಂಟೇ, ಅಂಗಡಿಯಲ್ಲಿ ಅದನ್ನು ಯಾವ ಭಾಷೆಯಲ್ಲಿ ಕೇಳುತ್ತೀರಿ ಎಂದು ವಿಚಾರಿಸಿದರೆ ಪ್ರತಿಬಿಂಬವೂ ಆತ್ಮಬಿಂಬವೂ ತಾವಾಗಿ ಮಾತಿಗೆ ಬರುತ್ತವೆ. ಎರಡು ಪ್ರತಿಗಳನ್ನು ಪಕ್ಕದಲ್ಲಿಟ್ಟಾಗ ಎಲ್ಲಿ ಹೊಂದಿಕೆಯಿಲ್ಲವೋ ಅಲ್ಲಿಂದ ಸಂಶೋಧನೆ ಆರಂಭವಾಗುತ್ತದೆ.